ಸಾಲ ತೀರಿತು, ಒಪ್ಪಿಗೆ ತೀರಿತೇ?

ಸಾಲ ಕೇಳಲು ಹೋದವರಿಗೆ ಮೊದಲು ಸಿಗುತ್ತಿದ್ದ ಉತ್ತರ ಒಂದೇ ಆಗಿತ್ತು: ಆರು ತಿಂಗಳ ಸ್ಟೇಟ್‌ಮೆಂಟ್ ತನ್ನಿ. ಬ್ಯಾಂಕಿನ ಶಾಖೆಗೆ ಹೋಗಿ ಸರದಿಯಲ್ಲಿ ನಿಂತು, ಪುಟ ಪುಟಕ್ಕೂ ಸೀಲು ಹಾಕಿಸಿಕೊಂಡು ಬರಬೇಕಿತ್ತು. ಆಮೇಲೆ ಪಿಡಿಎಫ್ ಬಂತು. ಅದರ ಪಾಸ್‌ವರ್ಡನ್ನೂ ಸೇರಿಸಿ ಏಜೆಂಟನ ವಾಟ್ಸ್‌ಆ್ಯಪಿಗೆ ಕಳಿಸುವುದು ರೂಢಿಯಾಯಿತು. ಇನ್ನೂ ಅವಸರದ ಕೆಲವು ಕಂಪನಿಗಳು ನೆಟ್‌ಬ್ಯಾಂಕಿಂಗಿನ ಗುಪ್ತಪದವನ್ನೇ ಕೇಳಿ, ನಮ್ಮ ಹೆಸರಿನಲ್ಲಿ ತಾವೇ ಒಳಹೊಕ್ಕು ಲೆಕ್ಕ ಎತ್ತಿಕೊಳ್ಳುತ್ತಿದ್ದವು.

ಈ ಮೂರೂ ದಾರಿಗಳಲ್ಲಿ ಒಂದು ಕೊರತೆ ಸಮಾನವಾಗಿತ್ತು. ಒಮ್ಮೆ ಕೊಟ್ಟ ಕಾಗದ ಯಾರ ಕೈ ಸೇರಿತು, ಎಷ್ಟು ದಿನ ಉಳಿಯಿತು ಎಂಬುದು ಕೊಟ್ಟವರಿಗೆ ತಿಳಿಯುತ್ತಿರಲಿಲ್ಲ. ಸಾಲ ಕೊಡುವವರಿಗೂ ನೆಮ್ಮದಿ ಇರಲಿಲ್ಲ. ಪಿಡಿಎಫ್‌ನಲ್ಲಿ ಒಂದು ಸೊನ್ನೆ ಸೇರಿಸುವುದು ಕಷ್ಟದ ಕೆಲಸವೇನಲ್ಲ.

ಈಗ ಬೇರೆ ದಾರಿ ಇದೆ. ಸಾಲದ ಅರ್ಜಿಯ ನಡುವೆ ಮೊಬೈಲಿನಲ್ಲಿ ಒಂದು ಪುಟ ತೆರೆದುಕೊಳ್ಳುತ್ತದೆ, ಒಂದೆರಡು ಒಟಿಪಿ ಬರುತ್ತವೆ, ‘ಒಪ್ಪಿದ್ದೇನೆ’ ಎಂದು ಒತ್ತಿದರೆ ಕೆಲವೇ ನಿಮಿಷದಲ್ಲಿ ಬ್ಯಾಂಕಿನ ಲೆಕ್ಕ ಸಾಲದಾತರ ಕಂಪ್ಯೂಟರಿಗೆ ತಲುಪಿರುತ್ತದೆ. ಇದರ ಹೆಸರು ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೆಂದು ಸಾಲ ಪಡೆದವರಿಗೆಲ್ಲ ಗೊತ್ತು. ಹಿಂದಕ್ಕೆ ಪಡೆಯಬಹುದು ಎಂಬುದು ಗೊತ್ತಿರುವವರು ಕಡಿಮೆ. ಸಾಲಕ್ಕೆ ಒಂದು ಆಯುಸ್ಸು, ಅದಕ್ಕಾಗಿ ಕೊಟ್ಟ ಒಪ್ಪಿಗೆಗೆ ಇನ್ನೊಂದು ಆಯುಸ್ಸು ಎಂಬುದಂತೂ ಬಹುಮಂದಿಯ ಗಮನಕ್ಕೇ ಬಂದಿರುವುದಿಲ್ಲ.

ನಡುವೆ ನಿಂತವರು ಯಾರು?

ಈ ವ್ಯವಹಾರದಲ್ಲಿ ನಮ್ಮನ್ನು ಬಿಟ್ಟರೆ ಮೂವರು ಇರುತ್ತಾರೆ. ಮೊದಲನೆಯವರು ನಮ್ಮ ಖಾತೆ ಇರುವ ಬ್ಯಾಂಕು. ಕೊನೆಯವರು ಲೆಕ್ಕ ನೋಡಬೇಕಾದ ಸಾಲದಾತರು. ಇವರಿಬ್ಬರ ನಡುವೆ ನಿಂತು ಒಪ್ಪಿಗೆಯನ್ನು ದಾಖಲಿಸಿ, ಅದರಂತೆ ಮಾಹಿತಿಯನ್ನು ದಾಟಿಸುವವರೇ ಅಕೌಂಟ್ ಅಗ್ರಿಗೇಟರ್.

ಇವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಹಣಕಾಸು ಕಂಪನಿಗಳು. ಇವುಗಳಿಗಾಗಿ ರಿಸರ್ವ್ ಬ್ಯಾಂಕ್ 2016ರ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ಹೊರಡಿಸಿತು. ದೊಡ್ಡ ಬ್ಯಾಂಕುಗಳು ಸೇರಿ ವ್ಯವಸ್ಥೆ ಸಾರ್ವಜನಿಕವಾಗಿ ಚಾಲನೆಗೊಂಡದ್ದು 2021ರ ಸೆಪ್ಟೆಂಬರ್‌ನಲ್ಲಿ. ಫಿನ್‌ವು, ಒನ್‌ಮನಿ, ಅನುಮತಿ, ಕ್ಯಾಮ್ಸ್‌ಫಿನ್‌ಸರ್ವ್ ಮುಂತಾದವು ಈ ಕೆಲಸ ಮಾಡುವ ಸಂಸ್ಥೆಗಳು. ಈ ವಲಯದ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟಕ್ಕೆ ‘ಸಹಮತಿ’ ಎಂದು ಹೆಸರು. ಅದರ ನೆಲೆ ಬೆಂಗಳೂರು.

ನಿರ್ದೇಶನ ಇವುಗಳಿಗೆ ಹಾಕಿರುವ ಕಟ್ಟುಪಾಡು ಬಿಗಿಯಾಗಿದೆ. ಅಗ್ರಿಗೇಟರ್ ಆದವರು ಬೇರೆ ವ್ಯಾಪಾರ ಮಾಡುವಂತಿಲ್ಲ, ಸಾಲ ಕೊಡುವಂತಿಲ್ಲ, ಗ್ರಾಹಕರ ಪಿನ್ ಅಥವಾ ಪಾಸ್‌ವರ್ಡ್ ಇಟ್ಟುಕೊಳ್ಳುವಂತಿಲ್ಲ. ಅವರ ಮೂಲಕ ಹಾದುಹೋಗುವ ಲೆಕ್ಕವೂ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಸಾಲದಾತರ ಕೈಯಲ್ಲಿ ಮಾತ್ರ. ಹಾಗಾಗಿ ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ಅಗ್ರಿಗೇಟರ್ ಕಂಪನಿಗೆ ತಿಳಿಯುವುದಿಲ್ಲ. ನೀವು ಯಾರಿಗೆ, ಯಾವ ಕಾರಣಕ್ಕೆ, ಎಂದಿನವರೆಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬುದಷ್ಟೇ ಅವರ ದಾಖಲೆಯಲ್ಲಿರುತ್ತದೆ. ಒಪ್ಪಿಗೆ ಹಿಂಪಡೆಯಲು ಸಾಲ ಕೊಟ್ಟವರ ಬಾಗಿಲಿಗೂ ಬ್ಯಾಂಕಿಗೂ ಹೋಗದೆ ಅಗ್ರಿಗೇಟರ್ ಬಳಿಗೇ ಹೋಗಬೇಕಾದದ್ದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಈ ದಾರಿಯಲ್ಲಿ ಲೆಕ್ಕ ಕೇಳುವ ಹಕ್ಕಿರುವುದು ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ಪ್ರಾಧಿಕಾರ ಅಥವಾ ಪಿಂಚಣಿ ಪ್ರಾಧಿಕಾರದ ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಗಳಿಗೆ ಮಾತ್ರ. ನಮ್ಮ ಕಣ್ಣಿಗೆ ಕಾಣುವುದು ಯಾವುದೋ ಸಾಲದ ಆ್ಯಪ್ ಆಗಿದ್ದರೂ ಅದರ ಹಿಂದೆ ಒಂದು ಬ್ಯಾಂಕೋ ನೋಂದಾಯಿತ ಹಣಕಾಸು ಕಂಪನಿಯೋ ಇರಲೇಬೇಕು. ಒಪ್ಪಿಗೆಯ ಪುಟದಲ್ಲಿ ಆ ಹೆಸರು ಕಾಣಬೇಕು. ಆ್ಯಪಿನ ಹೆಸರಷ್ಟೇ ಕಂಡು, ಹಿಂದಿರುವ ಸಂಸ್ಥೆ ಯಾವುದೆಂದು ತಿಳಿಯದಿದ್ದರೆ ಅಲ್ಲೇ ನಿಲ್ಲಿ.

ಗದಗದ ಮುದ್ರಕರ ಅರ್ಜಿ

ಕೆಲಸ ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ವ್ಯಕ್ತಿ ಕಲ್ಪಿತ, ಹಂತಗಳು ನಿಜವಾದವು.

ಗದಗದಲ್ಲಿ ಒಂದು ಸಣ್ಣ ಮುದ್ರಣಾಲಯ ನಡೆಸುವವರಿದ್ದಾರೆ ಎಂದುಕೊಳ್ಳಿ. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ ಅವರ ಮುಖ್ಯ ಕೆಲಸ. ಹಳೆಯ ಆಫ್‌ಸೆಟ್ ಯಂತ್ರವೊಂದನ್ನು ಕೊಳ್ಳಲು ನಾಲ್ಕು ಲಕ್ಷ ರೂಪಾಯಿ ಸಾಲ ಬೇಕು. ಅಂಗಡಿಯ ಚಾಲ್ತಿ ಖಾತೆ ಒಂದು ಬ್ಯಾಂಕಿನಲ್ಲಿ, ಮನೆಯ ಉಳಿತಾಯ ಖಾತೆ ಇನ್ನೊಂದರಲ್ಲಿ. ಹಣಕಾಸು ಕಂಪನಿಯೊಂದರ ಆ್ಯಪಿನಲ್ಲಿ ಅರ್ಜಿ ತುಂಬುತ್ತ ಹೋದಾಗ ‘ಬ್ಯಾಂಕ್ ಲೆಕ್ಕ ಹಂಚಿಕೊಳ್ಳಿ’ ಎಂಬ ಹಂತ ಬರುತ್ತದೆ.

ಮೊದಲು ಅಗ್ರಿಗೇಟರ್‌ನ ಪುಟ ತೆರೆಯುತ್ತದೆ. ಮೊಬೈಲ್ ಸಂಖ್ಯೆ ಕೊಟ್ಟರೆ ಒಂದು ಒಟಿಪಿ ಬರುತ್ತದೆ. ಅದನ್ನು ಹಾಕಿದ ಮೇಲೆ ಅವರ ಹೆಸರಿನಲ್ಲಿ ಒಂದು ಗುರುತು ಸಿದ್ಧವಾಗುತ್ತದೆ. ಸಾಮಾನ್ಯವಾಗಿ ಅದು ಮೊಬೈಲ್ ಸಂಖ್ಯೆಯ ಮುಂದೆ @ ಚಿಹ್ನೆ, ಅದರ ಮುಂದೆ ಅಗ್ರಿಗೇಟರ್‌ನ ಹೆಸರು. ನೋಡಲು ಯುಪಿಐ ವಿಳಾಸದ ಹಾಗೆಯೇ ಇರುತ್ತದೆ. ಈ ಗುರುತನ್ನು ಒಂದು ಕಡೆ ಬರೆದಿಟ್ಟುಕೊಂಡರೆ ಮುಂದೆ ಬಹಳ ಉಪಯೋಗ.

ಆಮೇಲೆ ಬ್ಯಾಂಕುಗಳನ್ನು ಆರಿಸಿಕೊಳ್ಳಬೇಕು. ಆ ಮೊಬೈಲ್ ಸಂಖ್ಯೆಗೆ ಜೋಡಣೆಯಾದ ಖಾತೆಗಳನ್ನು ಅಗ್ರಿಗೇಟರ್ ಬ್ಯಾಂಕಿನಿಂದ ಕೇಳಿ ತಿಳಿದು ತೋರಿಸುತ್ತದೆ. ಖಾತೆ ಸಂಖ್ಯೆಯ ಕೊನೆಯ ಕೆಲವು ಅಂಕಿಗಳಷ್ಟೇ ಕಾಣುತ್ತವೆ. ಬೇಕಾದ ಖಾತೆಯನ್ನು ಗುರುತಿಸಿದರೆ ಈ ಸಲ ಬ್ಯಾಂಕಿನಿಂದಲೇ ಒಟಿಪಿ ಬರುತ್ತದೆ. ನಮ್ಮ ಮುದ್ರಕರಿಗೆ ಎರಡು ಬ್ಯಾಂಕುಗಳಿರುವುದರಿಂದ ಎರಡು ಒಟಿಪಿ.

ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಚಾಲ್ತಿ ಖಾತೆ ತೆರೆದಾಗ ಕೊಟ್ಟ ಸಂಖ್ಯೆ ಹಳೆಯದಾಗಿದ್ದರೆ ಆ ಖಾತೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆಯೂ ಅನೇಕ ಬಾರಿ ಕಾಣಿಸದು. ಸಣ್ಣ ಸಹಕಾರಿ ಬ್ಯಾಂಕು ಈ ವ್ಯವಸ್ಥೆಗೆ ಸೇರಿಲ್ಲದಿದ್ದರೆ ಅದರ ಹೆಸರೇ ಇರುವುದಿಲ್ಲ. ಬ್ಯಾಂಕು ಪಟ್ಟಿಯಲ್ಲಿದೆ, ಖಾತೆ ಮಾತ್ರ ಇಲ್ಲ ಎಂದಾದರೆ ಮೊಬೈಲ್ ಸಂಖ್ಯೆಯದೇ ತೊಡಕು ಎಂದು ಮೊದಲು ಅನುಮಾನಿಸಬೇಕು. ಶಾಖೆಗೆ ಹೋಗಿ ಸಂಖ್ಯೆ ಬದಲಿಸಿಕೊಂಡು ಮತ್ತೆ ಪ್ರಯತ್ನಿಸಬೇಕು. ಇಡೀ ದಾರಿಯಲ್ಲಿ ಎಲ್ಲಿಯೂ ಎಟಿಎಂ ಪಿನ್, ಯುಪಿಐ ಪಿನ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಿದರೆ ಅದು ಅಗ್ರಿಗೇಟರ್ ಪುಟವೇ ಅಲ್ಲ. ಫೋನ್ ಮಾಡಿ ‘ಈಗ ಬಂದ ನಂಬರ್ ಹೇಳಿ’ ಎನ್ನುವವರೂ ಈ ವ್ಯವಸ್ಥೆಗೆ ಸೇರಿದವರಲ್ಲ.

ಒಪ್ಪಿಗೆಯ ಪುಟದಲ್ಲಿ ಏನಿದೆ?

ಖಾತೆ ಜೋಡಿಸಿದ ಮೇಲೆ ಬರುವುದೇ ಒಪ್ಪಿಗೆಯ ಪುಟ. ಬಹುಮಂದಿ ಇದನ್ನು ಓದದೆ ಕೆಳಗಿನ ಗುಂಡಿ ಒತ್ತುತ್ತಾರೆ. ಆದರೆ ಇದು ವಿಮಾ ಪತ್ರದ ಸಣ್ಣ ಅಕ್ಷರದ ಷರತ್ತುಗಳಂತೆ ಉದ್ದವಾಗಿರುವುದಿಲ್ಲ. ಕೆಲವೇ ಸಾಲು. ಪುಟ ಇಂಗ್ಲಿಷಿನಲ್ಲಿದ್ದರೆ Purpose, Date range, Frequency, Data life, Consent expiry ಎಂಬ ಪದಗಳನ್ನೋ ಅವುಗಳಿಗೆ ಹತ್ತಿರದ ಪದಗಳನ್ನೋ ಹುಡುಕಬೇಕು. ‘ವಿವರ ನೋಡಿ’ ಎಂಬ ಕೊಂಡಿಯ ಹಿಂದೆ ಕೆಲವು ಅಡಗಿರುವುದೂ ಉಂಟು.

ಮೊದಲ ಸಾಲು ಉದ್ದೇಶ. ಒಂದು ಬಾರಿ ಲೆಕ್ಕ ನೋಡಿ ಸಾಲ ನಿರ್ಧರಿಸುವುದು ಒಂದು ಉದ್ದೇಶ, ಸಾಲ ಕೊಟ್ಟ ಮೇಲೂ ಖಾತೆಯ ಮೇಲೆ ನಿಗಾ ಇಡುವುದು ಇನ್ನೊಂದು. ಎರಡೂ ಬೇರೆ ಬೇರೆ ಒಪ್ಪಿಗೆಗಳು. ಎರಡನೆಯದು ಎಷ್ಟು ಸಲ ಎಂಬುದು. ONETIME ಎಂದಿದ್ದರೆ ಒಂದು ಬಾರಿ ತರಿಸಿಕೊಂಡು ಮುಗಿಯಿತು. PERIODIC ಎಂದಿದ್ದರೆ ತಿಂಗಳಿಗೊಮ್ಮೆಯೋ ದಿನಕ್ಕೊಮ್ಮೆಯೋ ಅವರು ಮತ್ತೆ ಮತ್ತೆ ತರಿಸಿಕೊಳ್ಳಬಹುದು. ಪ್ರತಿ ಸಲವೂ ನಿಮಗೆ ಒಟಿಪಿ ಬರುವುದಿಲ್ಲ.

ಇನ್ನು ಮೂರು ಅವಧಿಗಳು ಇರುತ್ತವೆ, ಗೊಂದಲವಾಗುವುದು ಇವುಗಳಲ್ಲೇ. ಹಿಂದಿನ ಎಷ್ಟು ತಿಂಗಳ ವ್ಯವಹಾರ ನೋಡುತ್ತಾರೆ ಎಂಬುದು ಒಂದು. ಈ ಒಪ್ಪಿಗೆ ಎಂದಿನವರೆಗೆ ಜೀವಂತವಾಗಿರುತ್ತದೆ ಎಂಬುದು ಎರಡನೆಯದು. ತರಿಸಿಕೊಂಡ ಮಾಹಿತಿಯನ್ನು ಎಷ್ಟು ಕಾಲ ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದು ಮೂರನೆಯದು. ಮೊದಲನೆಯದು ಗತಕಾಲಕ್ಕೆ ಸೇರಿದ್ದು, ಉಳಿದೆರಡು ಮುಂದಿನ ಕಾಲಕ್ಕೆ.

ಕೊನೆಯದಾಗಿ, ಏನೇನು ಕೊಡುತ್ತಿದ್ದೇವೆ ಎಂಬ ಸಾಲು. ಅಲ್ಲಿ ಮೂರು ಬಗೆ. PROFILE ಎಂದರೆ ಹೆಸರು, ವಿಳಾಸ, ಹುಟ್ಟಿದ ದಿನ, ಪ್ಯಾನ್ ಮುಂತಾದ ವಿವರ. SUMMARY ಎಂದರೆ ಬಾಕಿ ಮೊತ್ತ, ಖಾತೆಯ ಸ್ಥಿತಿ, ಶಾಖೆ ಇತ್ಯಾದಿ. TRANSACTIONS ಎಂದರೆ ಒಂದೊಂದು ಜಮೆ, ಒಂದೊಂದು ಖರ್ಚು, ದಿನಾಂಕ, ಜೊತೆಗೆ ಅದರ ವಿವರಣೆಯ ಸಾಲು. ಈ ವಿವರಣೆಯ ಸಾಲಿನಲ್ಲಿ ಔಷಧಿ ಅಂಗಡಿಯ ಹೆಸರೂ ಇರುತ್ತದೆ, ತಂಗಿಗೆ ಹಣ ಕಳಿಸುವಾಗ ಯುಪಿಐನಲ್ಲಿ ಬರೆದ ಟಿಪ್ಪಣಿಯೂ ಇರಬಹುದು. ಸಾಲ ನಿರ್ಧರಿಸಲು ಬೇಕಾಗಿರುವುದಕ್ಕಿಂತ ಹೆಚ್ಚು ಬದುಕು ಅದರಲ್ಲಿ ಕಾಣುತ್ತದೆ.

ಇಷ್ಟೆಲ್ಲ ಓದಿದ ಮೇಲೆ ತಿದ್ದಲು ಸಾಧ್ಯವೇ ಎಂದರೆ, ಸಾಮಾನ್ಯವಾಗಿ ಇಲ್ಲ. ಅವಧಿಗಳನ್ನು ಗೊತ್ತುಮಾಡುವುದು ಸಾಲದಾತರು. ನಮ್ಮ ಕೈಯಲ್ಲಿರುವುದು ಯಾವ ಖಾತೆ ಎಂಬ ಆಯ್ಕೆ, ಮತ್ತು ಒಪ್ಪಿಗೆ ಅಥವಾ ನಿರಾಕರಣೆ. ಆದರೂ ಓದುವುದು ವ್ಯರ್ಥವಲ್ಲ. ಒಂದು ಬಾರಿಯ ಸಾಲಕ್ಕೆ ಐದು ವರ್ಷದ ನಿತ್ಯದ ನಿಗಾ ಕೇಳುತ್ತಿದ್ದರೆ ನಿರಾಕರಿಸಿ, ಪಿಡಿಎಫ್ ಕೊಡುತ್ತೇನೆ ಎನ್ನಬಹುದು. ಈ ದಾರಿಯಲ್ಲೇ ಬರಬೇಕೆಂದು ಗ್ರಾಹಕರಿಗೆ ಕಡ್ಡಾಯವಿಲ್ಲ. ಒಪ್ಪಿದರೆ, ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಜಾಣತನ.

ನಮ್ಮ ಮುದ್ರಕರ ಮುಂದೆ ಎರಡು ಒಪ್ಪಿಗೆಗಳು ಬಂದವು ಎಂದಿಟ್ಟುಕೊಳ್ಳೋಣ. ಮೊದಲನೆಯದು ಹಿಂದಿನ 12 ತಿಂಗಳ ಲೆಕ್ಕ, ಒಂದು ಬಾರಿ ಮಾತ್ರ. ಎರಡನೆಯದು ಸಾಲದ ಅವಧಿಯಾದ 36 ತಿಂಗಳವರೆಗೆ, ತಿಂಗಳಿಗೊಮ್ಮೆ. ಎರಡಕ್ಕೂ ಒಪ್ಪಿದರು.

ಲೆಕ್ಕ ಹೇಗೆ ಓದುತ್ತಾರೆ?

ಸಾಲದಾತರ ತಂತ್ರಾಂಶ ಮೊದಲು ಮಾಡುವುದು ಜಮೆಗಳನ್ನು ಸೋಸುವ ಕೆಲಸ. ಮುದ್ರಕರ ಚಾಲ್ತಿ ಖಾತೆಗೆ ತಿಂಗಳಿಗೆ ಸರಾಸರಿ 2,05,000 ರೂಪಾಯಿ ಬರುತ್ತದೆ. ಅದರಲ್ಲಿ 40,000 ಅವರದೇ ಉಳಿತಾಯ ಖಾತೆಯಿಂದ ಕಾಗದ ಕೊಳ್ಳಲು ಹಾಕಿಕೊಂಡದ್ದು. ಎರಡೂ ಖಾತೆ ಜೋಡಿಸಿರುವುದರಿಂದ ಇದು ಸ್ವಂತ ವರ್ಗಾವಣೆ ಎಂದು ತಿಳಿಯುತ್ತದೆ, ವ್ಯಾಪಾರದ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಉಳಿದದ್ದು 1,65,000. ಉಳಿತಾಯ ಖಾತೆಯನ್ನು ಜೋಡಿಸದೆ ಬಿಟ್ಟಿದ್ದರೆ? ಆ 40,000 ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದು, ಮೇಲಿಂದ ‘ಇನ್ನೊಂದು ಖಾತೆ ಇದೆ, ತೋರಿಸಿಲ್ಲ’ ಎಂಬ ಸಂಶಯವೂ ಸೇರುತ್ತಿತ್ತು. ಖಾತೆ ಮುಚ್ಚಿಟ್ಟರೂ ವರ್ಗಾವಣೆಯ ಸಾಲು ಅದರ ಸುಳಿವು ಕೊಡುತ್ತದೆ.

ಈ ಉದಾಹರಣೆಗಾಗಿ ವ್ಯಾಪಾರದ ಐದನೇ ಒಂದು ಭಾಗ ಕೈಗೆ ಉಳಿಯುತ್ತದೆ ಎಂದು ಸಾಲದಾತರು ಹಿಡಿದರು ಎನ್ನೋಣ. ಆಗ ತಿಂಗಳ ಆದಾಯ 33,000. ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ಮೀರಬಾರದು ಎಂಬುದು ಅವರ ನಿಯಮ; ಅಂದರೆ 16,500. ಬೈಕಿನ ಕಂತು 5,500 ಪ್ರತಿ ತಿಂಗಳು ಕಡಿತವಾಗುವುದು ಲೆಕ್ಕದಲ್ಲಿ ಕಾಣುತ್ತಿದೆ. ಹೊಸ ಕಂತಿಗೆ ಉಳಿಯುವುದು 11,000. ಶೇಕಡ 18ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ನಾಲ್ಕು ಲಕ್ಷದ ಕಂತು 14,461 ಆಗುತ್ತದೆ, ಅದು ಮೀರಿತು. ಮೂರು ಲಕ್ಷಕ್ಕಾದರೆ 10,846. ಹಾಗಾಗಿ ಮಂಜೂರಾದದ್ದು ಮೂರು ಲಕ್ಷ.

ಇಲ್ಲಿ 12 ತಿಂಗಳ ಲೆಕ್ಕ ಕೊಟ್ಟದ್ದು ಅವರಿಗೆ ಅನುಕೂಲವೇ ಆಯಿತು. ಲಗ್ನಪತ್ರಿಕೆಯ ವ್ಯಾಪಾರ ವೈಶಾಖದಲ್ಲಿ ಉಕ್ಕುತ್ತದೆ, ಆಷಾಢದಲ್ಲಿ ಬತ್ತುತ್ತದೆ. ಬರೀ ಆರು ತಿಂಗಳನ್ನು ನೋಡಿದ್ದರೆ, ಅದರಲ್ಲಿ ಮದುವೆಯ ಕಾಲ ಸೇರಿರದಿದ್ದರೆ, ಆದಾಯ ಇನ್ನೂ ಕಡಿಮೆ ಕಾಣುತ್ತಿತ್ತು. ಕಡಿಮೆ ತೋರಿಸಿದಷ್ಟೂ ಒಳ್ಳೆಯದು ಎಂಬುದು ಎಲ್ಲ ಸಲವೂ ನಿಜವಲ್ಲ. ಕೆಲಸಕ್ಕೆ ತಕ್ಕಷ್ಟು ತೋರಿಸಿ, ಆಮೇಲೆ ಬಾಗಿಲು ಹಾಕುವುದನ್ನು ಮರೆಯದಿರುವುದು ಮುಖ್ಯ.

ಹಿಂಪಡೆಯುವುದು ಹೇಗೆ?

ಮುದ್ರಕರ ವ್ಯಾಪಾರ ಚೆನ್ನಾಗಿ ನಡೆಯಿತು. 14ನೇ ತಿಂಗಳಿಗೇ ಪೂರ್ತಿ ಸಾಲ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ಆ್ಯಪನ್ನು ಮೊಬೈಲಿನಿಂದ ತೆಗೆದುಹಾಕಿದರು. ಎಲ್ಲ ಮುಗಿಯಿತು ಎಂದುಕೊಂಡರು. ಆದರೆ ಎರಡನೆಯ ಒಪ್ಪಿಗೆಯ ಮೇಲೆ ಬರೆದಿದ್ದ ಅವಧಿ 36 ತಿಂಗಳು. ಆ್ಯಪ್ ತೆಗೆದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಸಾಲದಾತರು ತಾವಾಗಿಯೇ ನಿಲ್ಲಿಸದಿದ್ದರೆ ಇನ್ನು 22 ತಿಂಗಳು ಲೆಕ್ಕ ಕೇಳುವ ದಾರಿ ತೆರೆದೇ ಇರುತ್ತದೆ.

ಇದನ್ನು ಮುಚ್ಚಲು ಮೊದಲು ತಿಳಿಯಬೇಕಾದದ್ದು ಯಾವ ಅಗ್ರಿಗೇಟರ್ ಮೂಲಕ ಒಪ್ಪಿಗೆ ಕೊಟ್ಟಿದ್ದೆವು ಎಂಬುದು. ಒಂದು ಅಗ್ರಿಗೇಟರ್ ಬಳಿ ಕೊಟ್ಟದ್ದು ಇನ್ನೊಂದರ ಬಳಿ ಕಾಣುವುದಿಲ್ಲ. ಬರೆದಿಟ್ಟ ಗುರುತು ಇದ್ದರೆ @ ಚಿಹ್ನೆಯ ಮುಂದಿನ ಹೆಸರೇ ಉತ್ತರ. ಇಲ್ಲದಿದ್ದರೆ ಅಂದಿನ ಒಟಿಪಿ ಬಂದ ಎಸ್ಸೆಮ್ಮೆಸ್ಸು ಅಥವಾ ಇಮೇಲ್ ಹುಡುಕಬೇಕು. ಅದೂ ಸಿಗದಿದ್ದರೆ ಸಾಲದಾತರ ಗ್ರಾಹಕ ಸೇವೆಯವರನ್ನು ಕೇಳಬೇಕು.

ಅಗ್ರಿಗೇಟರ್‌ನ ಆ್ಯಪ್ ಅಥವಾ ಜಾಲತಾಣದಲ್ಲಿ ಅದೇ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಬಳಸಿ ಒಳಹೋಗಿ. ಕೆಲವು ಕಡೆ ಮೊದಲೇ ಇಟ್ಟ ಪಿನ್ ಕೂಡ ಕೇಳಬಹುದು. ಅದು ಆ ಆ್ಯಪಿನ ಪಿನ್, ಬ್ಯಾಂಕಿನದಲ್ಲ. ಒಳಗೆ Consents ಎಂಬ ವಿಭಾಗವಿರುತ್ತದೆ. ಅದರಲ್ಲಿ ACTIVE ಎಂದು ತೋರುವ ಪಟ್ಟಿಯನ್ನು ತೆರೆದರೆ ಯಾವ ಸಂಸ್ಥೆಗೆ ಯಾವ ಖಾತೆಯ ಮೇಲೆ ಎಂದಿನವರೆಗೆ ಒಪ್ಪಿಗೆ ಇದೆ ಎಂಬುದು ಕಾಣುತ್ತದೆ. ಬೇಡದ್ದನ್ನು ತೆರೆದು Revoke ಒತ್ತಿ, ಖಚಿತಪಡಿಸಿ. ಕೂಡಲೇ ಅದರ ಸ್ಥಿತಿ REVOKED ಎಂದು ಬದಲಾಗಬೇಕು. ಅಷ್ಟಾದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅಗ್ರಿಗೇಟರ್ ಈ ಸುದ್ದಿಯನ್ನು ಸಾಲದಾತರಿಗೂ ಬ್ಯಾಂಕಿಗೂ ಮುಟ್ಟಿಸುತ್ತದೆ. ಆಮೇಲೆ ಆ ಒಪ್ಪಿಗೆಯನ್ನು ಮುಂದೊಡ್ಡಿ ಬರುವ ಕೋರಿಕೆಗೆ ಬ್ಯಾಂಕು ಲೆಕ್ಕ ಕೊಡಬಾರದು.

ಅದೇ ಪುಟದಲ್ಲಿ Pause ಎಂಬ ಆಯ್ಕೆಯೂ ಇರಬಹುದು. ಅದು ತಾತ್ಕಾಲಿಕ ತಡೆ. ಮತ್ತೆ ನೀವೇ ಚಾಲೂ ಮಾಡಬಹುದು. ರದ್ದು ಮಾಡಿದ್ದನ್ನು ಹಾಗೆ ಎಬ್ಬಿಸಲಾಗದು, ಹೊಸ ಒಪ್ಪಿಗೆಯನ್ನೇ ಕೊಡಬೇಕು. ಇನ್ನು ಖಾತೆಯ ಜೋಡಣೆ ಬಿಡಿಸುವ ಆಯ್ಕೆ ಇರುತ್ತದೆ. ಒಪ್ಪಿಗೆ ರದ್ದಾಗಿದೆಯೆಂದು ಪಟ್ಟಿಯಲ್ಲಿ ಕಣ್ಣಾರೆ ನೋಡದೆ ಬರೀ ಜೋಡಣೆ ಬಿಡಿಸಿ ಸುಮ್ಮನಾಗಬೇಡಿ.

ಮೊಬೈಲ್ ಸಂಖ್ಯೆ ಬದಲಿಸುವವರು ಒಂದು ಎಚ್ಚರ ವಹಿಸಬೇಕು. ಈ ವ್ಯವಸ್ಥೆಯ ಬೀಗವೆಲ್ಲ ಮೊಬೈಲ್ ಸಂಖ್ಯೆಯ ಮೇಲೆ ನಿಂತಿದೆ. ಹಳೆಯ ಸಿಮ್ ಬಿಟ್ಟುಕೊಟ್ಟ ಮೇಲೆ ಒಟಿಪಿ ಬರುವುದಿಲ್ಲ, ಒಪ್ಪಿಗೆಗಳು ಮಾತ್ರ ತಮ್ಮ ಅವಧಿ ಮುಗಿಯುವವರೆಗೆ ಹಾಗೇ ಇರುತ್ತವೆ. ಸಿಮ್ ಕೈಯಲ್ಲಿದ್ದಾಗಲೇ ಒಳಹೋಗಿ ಎಲ್ಲವನ್ನೂ ರದ್ದು ಮಾಡಿಬಿಡುವುದು ಸರಿ.

ಸಾಲ ಸಿಕ್ಕ ಕಡೆಗಿಂತ ಸಾಲ ಸಿಗದ ಕಡೆ ಇದು ಇನ್ನೂ ಸುಲಭವಾಗಿ ಮರೆತುಹೋಗುತ್ತದೆ. ಒಂದೇ ವಾರದಲ್ಲಿ ಮೂರು ಕಂಪನಿಗಳಿಗೆ ಅರ್ಜಿ ಹಾಕಿ, ಒಬ್ಬರಿಂದ ಸಾಲ ಪಡೆದು, ಉಳಿದಿಬ್ಬರನ್ನು ಮರೆತವರು ಬಹಳ. ಆ ಇಬ್ಬರಿಗೆ ಕೊಟ್ಟದ್ದು ಒಂದು ಬಾರಿಯ ಒಪ್ಪಿಗೆಯಾಗಿದ್ದರೆ ಚಿಂತೆ ಕಡಿಮೆ. ಪದೇ ಪದೇ ನೋಡುವ ಒಪ್ಪಿಗೆಯಾಗಿದ್ದರೆ ಸಾಲ ಕೊಡದವರೂ ನಿಮ್ಮ ಖಾತೆ ನೋಡುತ್ತಿರಬಹುದು.

ಹಿಂಪಡೆದರೆ ಏನಾಗುವುದಿಲ್ಲ?

ನಲ್ಲಿ ನಿಲ್ಲಿಸಬಹುದು, ಆದರೆ ಕೊಡಕ್ಕೆ ತುಂಬಿದ ನೀರು ನಲ್ಲಿಗೆ ಮರಳುವುದಿಲ್ಲ. ರದ್ದು ಮಾಡಿದ ದಿನದಿಂದ ಹೊಸ ಲೆಕ್ಕ ಹೋಗುವುದು ನಿಲ್ಲುತ್ತದೆ. ಅಷ್ಟರೊಳಗೆ ತರಿಸಿಕೊಂಡದ್ದು ತಾನಾಗಿಯೇ ಅಳಿಸಿಹೋಗುವುದಿಲ್ಲ. ಅದನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂಬುದನ್ನು ಒಪ್ಪಿಗೆಯ ಪುಟದ Data life ಸಾಲು ಹೇಳಿರುತ್ತದೆ. ಒಂದು ಬಾರಿಯ ಒಪ್ಪಿಗೆಯಲ್ಲಂತೂ ಲೆಕ್ಕ ಕೆಲವೇ ನಿಮಿಷದಲ್ಲಿ ಹೋಗಿಬಿಟ್ಟಿರುತ್ತದೆ. ಮರುದಿನ ರದ್ದು ಮಾಡಿದರೆ ಹೆಚ್ಚೇನೂ ಬದಲಾಗದು.

ಅಳಿಸಬೇಕೆಂದರೆ ಸಾಲದಾತರಿಗೇ ಬರೆಯಬೇಕು. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಅವುಗಳನ್ನು ಒಂದೇ ನಿರ್ದೇಶನವಾಗಿ ಮತ್ತೆ ಹೊರಡಿಸಿತು. ಅದರ ಪ್ರಕಾರ ಸಾಲಗಾರರು ಒಪ್ಪಿಗೆ ನಿರಾಕರಿಸಬಹುದು, ಕೊಟ್ಟದ್ದನ್ನು ಹಿಂಪಡೆಯಬಹುದು, ಮೂರನೆಯವರಿಗೆ ಕೊಡಬೇಡಿ ಎನ್ನಬಹುದು, ಆ್ಯಪ್ ತನ್ನ ಬಳಿಯ ಮಾಹಿತಿಯನ್ನು ಅಳಿಸಬೇಕೆಂದೂ ಕೇಳಬಹುದು. ಸಾಲದಾತರ ದೂರು ಅಧಿಕಾರಿಯ ಇಮೇಲ್ ಅವರ ಜಾಲತಾಣದಲ್ಲಿರುತ್ತದೆ. ಪತ್ರ ಚಿಕ್ಕದಿದ್ದರೆ ಸಾಕು: ನನ್ನ ಅರ್ಜಿ ಸಂಖ್ಯೆ ಇಷ್ಟು, ಈ ದಿನ ಒಪ್ಪಿಗೆ ರದ್ದು ಮಾಡಿದ್ದೇನೆ, ಸ್ಕ್ರೀನ್‌ಶಾಟ್ ಲಗತ್ತಿಸಿದೆ, ತರಿಸಿಕೊಂಡ ಬ್ಯಾಂಕ್ ಲೆಕ್ಕವನ್ನು ಅಳಿಸಿ, ಅಳಿಸಿದ್ದೀರೆಂದು ಬರೆದು ತಿಳಿಸಿ, ಕಾನೂನಿನ ಪ್ರಕಾರ ಏನನ್ನಾದರೂ ಇಟ್ಟುಕೊಳ್ಳಬೇಕಿದ್ದರೆ ಏನನ್ನು, ಎಷ್ಟು ಕಾಲ ಎಂದು ತಿಳಿಸಿ. ಈ ಕೊನೆಯ ಸಾಲು ಬೇಕು. ಸಾಲ ಮಂಜೂರಾಗಿದ್ದರೆ ಕೆಲವು ದಾಖಲೆಗಳನ್ನು ಕಾಪಾಡುವ ಹೊಣೆ ಸಾಲದಾತರಿಗೂ ಇರುತ್ತದೆ, ಹಾಗಾಗಿ ಎಲ್ಲವೂ ಅಳಿಯುತ್ತದೆಂದು ನಿರೀಕ್ಷಿಸುವಂತಿಲ್ಲ. ಸಾಲವೇ ಸಿಗದ ಕಡೆ ಈ ಕೋರಿಕೆಗೆ ಹೆಚ್ಚು ಬಲವಿರುತ್ತದೆ.

ಸಾಲ ಇನ್ನೂ ನಡೆಯುತ್ತಿರುವಾಗ ನಿಗಾ ಇಡುವ ಒಪ್ಪಿಗೆಯನ್ನು ರದ್ದು ಮಾಡುವ ಮುನ್ನ ಸಾಲದ ಕರಾರನ್ನು ಒಮ್ಮೆ ಓದಿ. ರದ್ದು ಮಾಡಲು ಅಗ್ರಿಗೇಟರ್ ಅಡ್ಡಿಪಡಿಸುವುದಿಲ್ಲ. ಆದರೆ ಒಪ್ಪಿಗೆ ಮುಂದುವರಿಯಬೇಕೆಂಬ ಷರತ್ತಿಗೆ ನೀವು ಸಹಿ ಹಾಕಿದ್ದರೆ, ಮುಖ್ಯವಾಗಿ ವ್ಯಾಪಾರದ ಓವರ್‌ಡ್ರಾಫ್ಟ್‌ನಂಥ ಸಾಲಗಳಲ್ಲಿ, ಮಿತಿ ಕಡಿಮೆ ಮಾಡುವುದೋ ಬೇರೆ ದಾಖಲೆ ಕೇಳುವುದೋ ಆಗಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಲುವೂ ಇದೇ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಸಾಧ್ಯವಿರಬೇಕು, ಆದರೆ ಹಿಂಪಡೆದುದರ ಪರಿಣಾಮ ಹಿಂಪಡೆದವರಿಗೆ ಸೇರಿದ್ದು. ಆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಇನ್ನೆರಡು ತಪ್ಪು ತಿಳಿವಳಿಕೆಗಳಿವೆ. ಲೆಕ್ಕ ನೋಡುವ ಒಪ್ಪಿಗೆ ರದ್ದಾದರೆ ಕಂತಿನ ಕಡಿತ ನಿಲ್ಲುವುದಿಲ್ಲ. ಕಂತು ಕಡಿತವಾಗುವುದು ನ್ಯಾಚ್ ಅಥವಾ ಯುಪಿಐ ಆಟೊಪೇ ಎಂಬ ಬೇರೆಯೇ ಆದೇಶದಿಂದ. ಅದನ್ನು ಬೇರೆಯಾಗಿಯೇ ನಿಭಾಯಿಸಬೇಕು. ಹಾಗೆಯೇ ಸಿಬಿಲ್‌ನಂಥ ಸಂಸ್ಥೆಗಳಲ್ಲಿ ನಿಮ್ಮ ಸಾಲದ ಚರಿತ್ರೆಯನ್ನು ವಿಚಾರಿಸಿದ ದಾಖಲೆ ಇದರಿಂದ ಅಳಿಯುವುದಿಲ್ಲ. ಆ ಎರಡಕ್ಕೂ ಅಗ್ರಿಗೇಟರ್‌ಗೂ ಸಂಬಂಧವಿಲ್ಲ.

ದೂರು ಎಲ್ಲಿ ಕೊಡಬೇಕು?

ತೊಂದರೆ ಯಾರ ಕಡೆಯದು ಎಂದು ಮೊದಲು ಬೇರ್ಪಡಿಸಿಕೊಂಡರೆ ಅಲೆದಾಟ ತಪ್ಪುತ್ತದೆ. ರದ್ದು ಮಾಡಲು ಹೋದರೆ ಪುಟ ತೆರೆಯುತ್ತಿಲ್ಲ, ಸ್ಥಿತಿ ಬದಲಾಗುತ್ತಿಲ್ಲ ಎಂದರೆ ಅದು ಅಗ್ರಿಗೇಟರ್‌ಗೆ ಕೊಡಬೇಕಾದ ದೂರು. ಖಾತೆ ಕಾಣುತ್ತಿಲ್ಲ, ಬ್ಯಾಂಕಿನ ಒಟಿಪಿ ಬರುತ್ತಿಲ್ಲ ಎಂದರೆ ಬ್ಯಾಂಕಿಗೆ. ರದ್ದಾದ ಮೇಲೂ ನಿಮ್ಮ ಇತ್ತೀಚಿನ ವ್ಯವಹಾರ ಸಾಲದಾತರಿಗೆ ಗೊತ್ತಿದೆ, ಅಥವಾ ಅಳಿಸುವ ಕೋರಿಕೆಗೆ ಉತ್ತರವಿಲ್ಲ ಎಂದರೆ ಸಾಲದಾತರಿಗೆ. ಬ್ಯಾಂಕೋ ಹಣಕಾಸು ಕಂಪನಿಯೋ 30 ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ cms.rbi.org.in ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ದೂರವಾಣಿ 14448.

ಒಪ್ಪಿಗೆಯ ಪುಟದ ಚಿತ್ರ, ರದ್ದು ಮಾಡಿದ ಚಿತ್ರ, ಬರೆದ ಇಮೇಲ್ ಈ ಮೂರೂ ಇದ್ದರೆ ದೂರಿಗೆ ತೂಕ ಬರುತ್ತದೆ. ಅವುಗಳಲ್ಲಿ ಮೊದಲನೆಯದು ಸಿಗುವುದು ಒಪ್ಪಿಗೆ ಕೊಡುವ ಆ ಕ್ಷಣದಲ್ಲಿ ಮಾತ್ರ. ಬಾಕಿ ಇಲ್ಲವೆಂಬ ಪತ್ರ ಕೈಗೆ ಬಂದ ದಿನವೇ Consents ಪಟ್ಟಿಯನ್ನೂ ತೆರೆದು ನೋಡಿ. ಆ ಸಾಲದ ಹೆಸರಿನಲ್ಲಿ ACTIVE ಎಂಬ ಸಾಲು ಒಂದೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಆ ಸಾಲದ ಕಡತವನ್ನು ಮುಚ್ಚಬಹುದು.